ಚಿಕ್ಕಪ್ಪನ ಮನೆ ರೆಂಡರ್‌ಗೆ ತೆಂಗು, ಬಾಳೆ, ದಾಸವಾಳ ಹಾಕಿದ್ದು, ಅಳತೆ ಸಮೇತ

ಮಂಡ್ಯ ಪಕ್ಕದ ನಮ್ಮೂರಲ್ಲಿ ಚಿಕ್ಕಪ್ಪ ಮನೆ ಕಟ್ಟಿಸ್ತಿದ್ದಾರೆ. ತೋಟದ ಅಂಚಲ್ಲಿ 40×60 ಜಾಗ, ಪೂರ್ವಕ್ಕೆ ಬಾಗಿಲು, ಕೆಳಗೊಂದು ಮೇಲೊಂದು ಮಹಡಿ. ನಾನು ಮೈಸೂರಲ್ಲಿ ಡ್ರಾಯಿಂಗ್ ಮಾಡ್ಕೊಂಡಿರೋನು, ಹಾಗಾಗಿ ಪ್ಲಾನ್ ಆದ್ಮೇಲೆ ಮುಂದಿನಿಂದ ಹೇಗೆ ಕಾಣುತ್ತೆ ಅಂತ ಒಂದು ಚಿತ್ರ ಮಾಡ್ಕೊಡೋದು ನನ್ನ ಪಾಲಿಗೆ ಬಂತು. ಮನೆ ಮಾಡೆಲ್ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ನಾಲ್ಕು ದಿನಕ್ಕೆ ಮುಗೀತು, ಬಣ್ಣ, ಕಿಟಕಿ, ಗ್ರಿಲ್ ಎಲ್ಲ ಸರಿ ಇತ್ತು. ಸುತ್ತ ಗಿಡ ಹಾಕೋದು ಒಂದು ಸಂಜೆ ಕೆಲಸ ಅಂದ್ಕೊಂಡಿದ್ದೆ, ಅದಕ್ಕೆ ಹತ್ತು ದಿನ ಹಿಡೀತು.

ಮೊದಲನೇ ಸಲ ಪ್ರಿಂಟ್ ತಗೊಂಡು ಊರಿಗೆ ಹೋದಾಗ ಚಿಕ್ಕಪ್ಪ ಜಗಲಿ ಮೇಲೆ ಕೂತ್ಕೊಂಡು ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ರು. ಆಮೇಲೆ "ಏನ್ಲಾ ಮಗ, ಇಪ್ಪತ್ತೈದಡಿ ಎತ್ತರ ಅಂತೀಯ, ಇದು ನೋಡುದ್ರೆ ಪಂಪ್‌ಸೆಟ್ ಮನೆ ಥರ ಐತಲ್ಲ" ಅಂದ್ರು. ನಾನು ಮನೆ ಅಳತೆ ಎಲ್ಲ ಮತ್ತೆ ಚೆಕ್ ಮಾಡ್ದೆ. ತಳಪಾಯ 2 ಅಡಿ, ಒಂದೊಂದು ಮಹಡಿ 10 ಅಡಿ, ಪ್ಯಾರಪೆಟ್ 3 ಅಡಿ, ಒಟ್ಟು 25 ಅಡಿ. ಮುಂಬಾಗಿಲು ಮೂರೂವರೆ ಅಡಿ ಅಗಲ, ಏಳಡಿ ಎತ್ತರ. ಒಂದಿಂಚೂ ತಪ್ಪಿಲ್ಲ. ತಪ್ಪು ಮನೇಲಿ ಇರಲಿಲ್ಲ, ಮನೆ ಪಕ್ಕ ನಿಲ್ಲಿಸಿದ್ದ ತೆಂಗಿನ ಮರದಲ್ಲಿ ಇತ್ತು.

ಆಗಿದ್ದು ಇಷ್ಟೇ. ಡೌನ್‌ಲೋಡ್ ಮಾಡಿದ್ದ ತೆಂಗಿನ ಮಾಡೆಲ್‌ನ ಕಾಂಡ ಬುಡದಿಂದ ಗರಿ ಶುರುವಾಗೋ ಕುತ್ತಿಗೆವರೆಗೆ 18 ಅಡಿ ಇತ್ತು. ನಮ್ಮ ತೋಟದ ಮರಗಳು ಅದಕ್ಕಿಂತ ತುಂಬಾ ಎತ್ತರ ಅಲ್ವಾ, ಅಂದ್ಕೊಂಡು `S 2` ಹೊಡೆದು ಇಡೀ ಮರಾನ ಎರಡರಷ್ಟು ದೊಡ್ಡದು ಮಾಡ್ಬಿಟ್ಟಿದ್ದೆ. ಎತ್ತರ ಸರಿ ಬಂತು. ಅದರ ಜೊತೆಗೆ ಕಾಂಡದ ದಪ್ಪ, ಗರಿ ಉದ್ದ, ಕಾಯಿ ಗಾತ್ರ ಎಲ್ಲಾನೂ ಎರಡರಷ್ಟಾಯ್ತು, ಅದನ್ನ ನಾನು ಗಮನಿಸಲೇ ಇಲ್ಲ. ನೋಡೋರ ಕಣ್ಣು ಮಾತ್ರ ಮೋಸ ಹೋಗಲ್ಲ, ಯಾಕಂದ್ರೆ ಮಂಡ್ಯ ಕಡೆಯವರಿಗೆ ತೆಂಗಿನ ಮರ ಎಷ್ಟು ದಪ್ಪ ಇರುತ್ತೆ ಅಂತ ತೋಳಿಗೇ ಗೊತ್ತು, ತಬ್ಬಿಕೊಂಡು ಹತ್ತಿರೋರು. ಮರ ಮಾಮೂಲಿ ಅಳತೇದು ಅಂತ ಮನಸ್ಸು ಮೊದಲು ತೀರ್ಮಾನ ಮಾಡ್ಬಿಡುತ್ತೆ, ಆಮೇಲೆ ಅದರ ಪಕ್ಕದ ಮನೆಯನ್ನ ಅರ್ಧಕ್ಕೆ ಇಳಿಸಿಬಿಡುತ್ತೆ.

ಮಾರನೇ ದಿನ ಟೇಪು, ದಾರ, ನಾಲ್ಕಡಿ ಕೋಲು ಹಿಡ್ಕೊಂಡು ತೋಟಕ್ಕೆ ಹೋದೆ. ಮನೆ ಹಿಂದುಗಡೆ ಬರೋ ಎರಡು ಮರ ಉಳಿಸ್ತಾರೆ, ಅದನ್ನೇ ಅಳೆಯೋಣ ಅಂತ. ಎದೆ ಮಟ್ಟದಲ್ಲಿ ದಾರ ಸುತ್ತಿದ್ರೆ ಸುತ್ತಳತೆ ಮೂವತ್ತನಾಲ್ಕೂವರೆ ಇಂಚು ಬಂತು, 3.14ರಿಂದ ಭಾಗಿಸಿದ್ರೆ 11 ಇಂಚು ದಪ್ಪ. ಎತ್ತರಕ್ಕೆ ನೆರಳಿನ ಲೆಕ್ಕ ಹಾಕ್ದೆ, ಮಟ್ಟಸವಾದ ನೆಲದಲ್ಲಿ ಕೋಲು ನೆಟ್ಟಗೆ ನಿಲ್ಲಿಸಿದ್ರೆ ನಾಲ್ಕಡಿ ಕೋಲಿಗೆ ಮೂರಡಿ ನೆರಳು ಇತ್ತು, ಅದೇ ಹೊತ್ತಲ್ಲಿ ಮರದ ಕುತ್ತಿಗೆ ನೆರಳು ಬುಡದಿಂದ 27 ಅಡಿ ದೂರ ಬಿದ್ದಿತ್ತು, ಅಂದ್ರೆ ಕಾಂಡ 36 ಅಡಿ. ಗರಿ ತುದಿ ನೆರಳು ಹಿಡಿಯೋಕೆ ಹೋಗ್ಬೇಡಿ, ಅದು ಗಾಳಿಗೆ ಅಲ್ಲಾಡ್ತಾ ಇರುತ್ತೆ, ಅಂಚು ಎಲ್ಲಿ ಅಂತ ಗೊತ್ತಾಗಲ್ಲ. ಕುತ್ತಿಗೆ ಹತ್ರ ಕಾಯಿ ಗೊಂಚಲಿನ ನೆರಳು ಕಪ್ಪಗೆ ಸ್ಪಷ್ಟವಾಗಿ ಬೀಳುತ್ತೆ, ಅಲ್ಲಿಗೆ ಅಳೀಬೇಕು. ಕೆಳಗೆ ಬಿದ್ದಿದ್ದ ಒಂದು ಸೋಗೆ ಮಟ್ಟೆಯಿಂದ ತುದಿವರೆಗೆ ಹದಿನೈದೂವರೆ ಅಡಿ.

ಈ ಲೆಕ್ಕ ಇಟ್ಕೊಂಡು ಲ್ಯಾಪ್‌ಟಾಪ್ ತೆಗೆದಾಗ ನನಗೆ ನಿಜವಾಗ್ಲೂ ಆಶ್ಚರ್ಯ ಆಯ್ತು. ಮೊದಲು `Unit System` ಅನ್ನ `Imperial`ಗೆ ಹಾಕ್ದೆ, ಹಂಗಾದ್ರೆ `N` ಒತ್ತಿದಾಗ `Dimensions` ಅಡಿ ಇಂಚಲ್ಲೇ ಕಾಣುತ್ತೆ, ನಮಗೆ ಅಡಿಯಲ್ಲೇ ಅಂದಾಜು ಇರೋದು. ಎರಡರಷ್ಟು ಮಾಡೋಕೆ ಮುಂಚೆ ಆ ಮಾಡೆಲ್‌ನ ಕಾಂಡ ಸರಿಯಾಗಿ 11 ಇಂಚೇ ಇತ್ತು, ಗರಿ ಹದಿನೈದೂವರೆ ಅಡಿ ಆಸುಪಾಸೇ ಇತ್ತು. ಅಂದ್ರೆ ಅದನ್ನ ಮಾಡಿದೋರು ತಪ್ಪು ಮಾಡಿರಲಿಲ್ಲ, ಚಿಕ್ಕ ವಯಸ್ಸಿನ ಮರ ಮಾಡಿದ್ರು ಅಷ್ಟೇ. ನಾನು ಅದನ್ನ 22 ಇಂಚು ದಪ್ಪ, 31 ಅಡಿ ಗರಿ ಮಾಡಿಟ್ಟಿದ್ದೆ. ಮಂಡೆ ಒಂದೇ 50 ಅಡಿ ಅಗಲ, 40 ಅಡಿ ಸೈಟಿಗಿಂತ ಜಾಸ್ತಿ.

ಇಲ್ಲೇ ಇರೋದು ವಿಷಯ. ಮಾವು ಹಲಸಿನ ಥರ ತೆಂಗು ವರ್ಷ ವರ್ಷ ದಪ್ಪ ಆಗ್ತಾ ಹೋಗಲ್ಲ. ಮಾವಿನ ಮರದ ತೊಗಟೆ ಒಳಗೆ ಹೊಸ ಮರದ ಪದರ ಹುಟ್ಟಿಸೋ ಒಂದು ತೆಳು ಪದರ ಇರುತ್ತೆ, ಅದರಿಂದ ಕಾಂಡ ಅಗಲ ಆಗುತ್ತೆ, ತೆಂಗಿಗೆ ಆ ಪದರಾನೇ ಇಲ್ಲ. ಸಸಿ ಮೊದಲ ನಾಲ್ಕೈದು ವರ್ಷ ನೆಲದ ಮಟ್ಟದಲ್ಲೇ ತನ್ನ ದಪ್ಪ ಕಟ್ಕೊಳುತ್ತೆ, ಆಮೇಲೆ ಅದೇ ದಪ್ಪದಲ್ಲಿ ಮೇಲಕ್ಕೆ ಹೋಗುತ್ತೆ. 18 ಅಡಿ ಮರಕ್ಕೂ 36 ಅಡಿ ಮರಕ್ಕೂ ಕಾಂಡದ ದಪ್ಪ ಒಂದೇ, ಗರಿ ಉದ್ದ ಹೆಚ್ಚುಕಮ್ಮಿ ಒಂದೇ, ಬದಲಾಗೋದು ಎತ್ತರ ಮಾತ್ರ. ಹಂಗಾಗಿ ತೆಂಗಿಗೆ ಸ್ಕೇಲ್ ಅನ್ನೋ ಆಯುಧಾನೇ ತಪ್ಪು, ಕಾಂಡ ಒಂದನ್ನ ಎಳೀಬೇಕು.

ಎಳೆದಿದ್ದು ಹೀಗೆ. ಮೊದಲು ನನ್ನ ಎರಡರಷ್ಟನ್ನ ವಾಪಸ್ ತೆಗೆದು `Ctrl+A` ಒತ್ತಿ `Scale` ಅಪ್ಲೈ ಮಾಡ್ದೆ. `Alt+S` ಹೊಡೆದು ಒಂದಕ್ಕೆ ತರೋಣ ಅಂತ ಅನ್ಸುತ್ತೆ, ಆದ್ರೆ ಹೊರಗಿಂದ ತಂದ ಮಾಡೆಲ್‌ಗಳು ಎಷ್ಟೋ ಸಲ 0.01 ಸ್ಕೇಲಲ್ಲಿ ಬಂದಿರ್ತವೆ, ಅದನ್ನ ಒಂದು ಮಾಡಿದ್ರೆ ಮರ ಬೆಟ್ಟ ಆಗುತ್ತೆ. ಆಮೇಲೆ ಎಡಿಟ್ ಮೋಡ್‌ನಲ್ಲಿ `P` ಒತ್ತಿ `By Material` ಕೊಟ್ಟೆ, ಕಾಂಡ ಬೇರೆ ಮಂಡೆ ಬೇರೆ ಆಯ್ತು. ಕಾಂಡದ ಮೇಲಿನ ಕೊನೇ ಸುತ್ತು ಸೆಲೆಕ್ಟ್ ಮಾಡಿ `Shift+S`ನಲ್ಲಿ `Cursor to Selected`, ನಂತರ ಆಬ್ಜೆಕ್ಟ್ ಮೋಡ್‌ಗೆ ಬಂದು ಮಂಡೆಗೆ `Origin to 3D Cursor`. ಇದನ್ನ ಎಳೆಯೋ ಮುಂಚೆನೇ ಮಾಡ್ಕೊಂಡ್ರೆ, ಎಳೆದಾದ್ಮೇಲೆ ಕಾಂಡದ ಮೇಲಿನ ಸುತ್ತಿಗೆ ಮತ್ತೆ ಕರ್ಸರ್ ತಂದು ಮಂಡೆಗೆ `Selection to Cursor` ಅಂದ್ರೆ ಸಾಕು, ಸರಿಯಾಗಿ ಹೋಗಿ ಕೂತ್ಕೊಳುತ್ತೆ.

ಎಳೆಯೋವಾಗ ಒಂದು ಎಡವಟ್ಟಾಯ್ತು. ಇಡೀ ಕಾಂಡಾನ ಎರಡರಷ್ಟು ಎಳೆದ್ರೆ ಬುಡದ ಉಬ್ಬೂ ಎಳ್ಕೊಂಡು ಬಾಟಲಿ ಆಕಾರ ಆಗೋಯ್ತು. ನಮ್ಮ ಮರದಲ್ಲಿ ಬುಡದ ದಪ್ಪ ಮಂಡಿ ಮಟ್ಟಕ್ಕೆಲ್ಲ ಮುಗಿದು ಕಾಂಡ ಸಮ ಆಗುತ್ತೆ. ಅದಕ್ಕೆ ಕೆಳಗಿನ ಮೂರಡಿ ಮುಟ್ಟದೆ ಬಿಟ್ಟೆ. ಮೂರಡಿ ಎತ್ತರದ ಸುತ್ತಿಗೆ ಕರ್ಸರ್ ಇಟ್ಟು, ಪಿವಟ್ ಅನ್ನ `3D Cursor`ಗೆ ಬದಲಾಯಿಸಿ, ಅದಕ್ಕಿಂತ ಮೇಲಿನ ಸುತ್ತುಗಳನ್ನ ಮಾತ್ರ ಎಳೆದೆ. ಮೇಲಿರೋದು 15 ಅಡಿ, ಆಗಬೇಕಾಗಿರೋದು 33 ಅಡಿ, 33ನ್ನ 15ರಿಂದ ಭಾಗಿಸಿದ್ರೆ 2.2.

```
S  Z  2.2  Enter
```

ಈಗ ಕಾಂಡ 36 ಅಡಿ, ದಪ್ಪ 11 ಇಂಚು. ಆದ್ರೆ ತೊಗಟೆ ಚಿತ್ರ ಕೂಡ ಎಳ್ಕೊಂಡಿರುತ್ತೆ, ಗರಿ ಬಿದ್ದ ಗುರುತಿನ ಉಂಗುರಗಳು ಒಂದಕ್ಕೊಂದು ದೂರ ಆಗಿ ಕಾಂಡ ಸಿಮೆಂಟ್ ಪೈಪ್ ಥರ ಕಾಣುತ್ತೆ. ಅದೇ ಮುಖಗಳನ್ನ ಸೆಲೆಕ್ಟ್ ಮಾಡಿ ಯುವಿ ಎಡಿಟರ್‌ನಲ್ಲಿ `S Y 2.2` ಕೊಡ್ಬೇಕು, ಅಲ್ಲೂ ಕರ್ಸರ್ ಅನ್ನ ಕೆಳ ಅಂಚಿಗೆ ಇಟ್ಟು ಅದನ್ನೇ ಪಿವಟ್ ಮಾಡ್ಕೊಂಡ್ರೆ ಮೂರಡಿ ಹತ್ರ ಜೋಡಣೆ ಗೆರೆ ಕಾಣಲ್ಲ. ತೊಗಟೆ ಚಿತ್ರ ಮೇಲೆ ಕೆಳಗೆ ಸೇರೋ ಥರದ್ದಾಗಿರಬೇಕು, ಇಲ್ಲದಿದ್ರೆ ಈ ಉಪಾಯ ನಡೆಯಲ್ಲ. ನಮ್ಮ ಮರದಲ್ಲಿ ನೋಡ್ದಾಗ ಕೆಳಗಡೆ ಉಂಗುರಗಳು ಅಗಲ ಅಗಲ, ಒಂದು ಗೇಣಿಗೆ ಮೂರ್ನಾಲ್ಕು, ಮೇಲೆ ಹೋಗ್ತಾ ಹೋಗ್ತಾ ಒತ್ತೊತ್ತಾಗಿದ್ವು. ತೆಂಗು ಹೆಚ್ಚುಕಮ್ಮಿ ತಿಂಗಳಿಗೊಂದು ಗರಿ ಬಿಡುತ್ತೆ, ಎಳೇ ವಯಸ್ಸಲ್ಲಿ ಬೇಗ ಎತ್ತರ ಹೋಗುತ್ತೆ ಹಂಗಾಗಿ ಉಂಗುರ ದೂರ, ವಯಸ್ಸಾದಂಗೆ ನಿಧಾನ ಹಂಗಾಗಿ ಹತ್ರ. ಚಿತ್ರದಲ್ಲಿ ಅಷ್ಟು ದೂರಕ್ಕೆ ಇದು ಕಾಣಲ್ಲ, ಆದ್ರೂ ಮುಂದಿನ ಮರಕ್ಕೆ ಮಾಡ್ದೆ, ಮನಸ್ಸು ಕೇಳಲಿಲ್ಲ.

ಕಾಂಡ ಸರಿಯಾದ್ಮೇಲೆ ಮಂಡೆ ಕಡೆ ಗಮನ ಹೋಯ್ತು. ಮಾಡೆಲ್‌ನಲ್ಲಿ 20 ಗರಿ, ಎಲ್ಲಾ ಮೇಲಕ್ಕೆ ಇಲ್ಲ ಅಡ್ಡಕ್ಕೆ, ಕೊಡೆ ಬಿಚ್ಚಿದಂಗೆ. ನಾನು ಚಿಕ್ಕಪ್ಪ ಇಬ್ರೂ ಮರದ ಕೆಳಗೆ ನಿಂತು ಎಣಿಸಿದ್ವಿ, ಅವರು ಒಂದು ಕಡೆಯಿಂದ ನಾನು ಒಂದು ಕಡೆಯಿಂದ, ಕೊನೆಗೆ 31ಕ್ಕೆ ಒಪ್ಪಿಗೆ ಆಯ್ತು. ಚೆನ್ನಾಗಿ ನೀರುಂಡ ಮರದಲ್ಲಿ ಮೂವತ್ತರ ಮೇಲೇನೇ ಇರ್ತವೆ. ಮಂಡೆ ಚೆಂಡಿನಂಗೆ ಕಾಣೋಕೆ ಕಾರಣ ಕೆಳಗಿನ ಗರಿಗಳು. ನಡುವೆ ಸುಳಿ ನೆಟ್ಟಗೆ ಈಟಿ ಥರ, ಅದರ ಸುತ್ತ ಎಳೇ ಗರಿಗಳು ಮೇಲಕ್ಕೆ, ಮಧ್ಯ ವಯಸ್ಸಿನವು ಅಡ್ಡಕ್ಕೆ ಬಾಗಿ, ಹಳೇವು ಅಡ್ಡ ಗೆರೆಗಿಂತ ಕೆಳಗೆ ಕಾಯಿ ಗೊಂಚಲ ಭಾರ ಹೊತ್ಕೊಂಡು ಇಳಿಬಿದ್ದು, ಎಲ್ಲಕ್ಕಿಂತ ಕೆಳಗೆ ಕಾಂಡಕ್ಕೆ ಅಂಟ್ಕೊಂಡು ನೇತಾಡೋ ಒಂದೋ ಎರಡೋ ಒಣ ಸೋಗೆ.

ಎಡಿಟ್ ಮೋಡ್‌ನಲ್ಲಿ ಒಂದು ಗರಿ ಮೇಲೆ ಮೌಸ್ ಇಟ್ಟು `L` ಒತ್ತಿದ್ರೆ ಆ ಗರಿ ಪೂರ್ತಿ ಸೆಲೆಕ್ಟ್ ಆಗುತ್ತೆ. ಅದನ್ನ `Shift+D` ಮಾಡಿ, `R Z 140` ಕೊಟ್ಟು, ಆಮೇಲೆ ಕೆಳಕ್ಕೆ ಬಗ್ಗಿಸಿದೆ. 140 ಯಾಕೆ ಅಂದ್ರೆ ತೆಂಗಲ್ಲಿ ಒಂದು ಗರಿಗೂ ಅದರ ಮುಂದಿನ ಗರಿಗೂ ಸುಮಾರು 140 ಡಿಗ್ರಿ ತಿರುವು ಇರುತ್ತೆ, ಹಂಗಾಗಿ ಯಾವ ಗರಿಯೂ ಇನ್ನೊಂದರ ತಲೆ ಮೇಲೆ ಸರಿಯಾಗಿ ಬರಲ್ಲ. ಮೊದಲು ನಾನು 36 ಡಿಗ್ರಿಯಂತೆ ಸುತ್ತ ಹಂಚಿದ್ದೆ, ಮೇಲಿಂದ ನೋಡಿದ್ರೆ ಸೈಕಲ್ ಚಕ್ರದ ಕಡ್ಡಿ ಥರ ಸಾಲು ಸಾಲು ಕಾಣ್ತಿತ್ತು. ಹೀಗೆ ಕೆಳಗಿನ ಸಾಲಿಗೆ ಒಂಬತ್ತು ಹಸಿರು ಗರಿ ಸೇರಿಸ್ದೆ, ಎರಡು ಒಣ ಸೋಗೆ ಹಾಕ್ದೆ, ಸೋಗೆಗೆ ಬೇರೆ ಕಂದು ಮೆಟೀರಿಯಲ್. ಆ ಎರಡು ಸೋಗೆ ಹಾಕಿದ ತಕ್ಷಣ ಮರ ಊರಿನ ಮರ ಆಯ್ತು, ಅಷ್ಟೊಂದು ವ್ಯತ್ಯಾಸ ಅದೊಂದರಿಂದ.

ಎರಡನೇ ಮರಕ್ಕೆ ಇದನ್ನೇ `Alt+D` ಮಾಡಿ ತಿರುಗಿಸಿ `S X -1` ಕೊಟ್ಟೆ. ಇದು ಬರೀ ಕಣ್ಕಟ್ಟು ಅಲ್ಲ, ತೆಂಗಿನಲ್ಲಿ ಗರಿ ಎಡಕ್ಕೆ ಸುತ್ತೋ ಮರಗಳೂ ಇವೆ ಬಲಕ್ಕೆ ಸುತ್ತೋ ಮರಗಳೂ ಇವೆ, ತೋಟದಲ್ಲಿ ಎರಡೂ ಕಲಸಿಕೊಂಡಿರ್ತವೆ. ಬಾಗು ವಿಚಾರಕ್ಕೆ ಬಂದ್ರೆ, ಡೌನ್‌ಲೋಡ್ ಮಾಡೋ ಮರಗಳು ಸಮುದ್ರದ ದಂಡೆಯಲ್ಲಿ ಇದ್ದಂಗೆ ಬಾಗಿರ್ತವೆ. ನಮ್ಮ ತೋಟದಲ್ಲಿ 25 ಅಡಿಗೊಂದು ನೆಟ್ಟ ಮರಗಳು ಕಂಬದಂಗೆ ನೇರ, ಬಾಗಿರೋದು ನಾಲೆ ಏರಿ ಮೇಲಿರೋವು, ಅದೂ ನೀರಿನ ಕಡೆಗೆ, ಬಯಲಿನ ಬೆಳಕಿಗೆ. ಮನೆ ಹಿಂದಿನ ಎರಡನ್ನ ನೇರ ಮಾಡಿ, ಆಗ್ನೇಯದಲ್ಲಿ ನಾಲೆ ಪಕ್ಕ ಇರೋ ಒಂದನ್ನ ಮಾತ್ರ ಬಾಗಿಸಿದೆ.

ಸಣ್ಣ ತೆಂಗಿನದ್ದು ಬೇರೆ ಕಥೆ. ಚಿಕ್ಕಮ್ಮ ಎರಡು ವರ್ಷದ ಹಿಂದೆ ಈಶಾನ್ಯ ಮೂಲೆ ಬಿಟ್ಟು ಪಕ್ಕಕ್ಕೆ ಒಂದು ಸಸಿ ನೆಟ್ಟಿದ್ದಾರೆ, ಅದೂ ಚಿತ್ರದಲ್ಲಿ ಬರಬೇಕು ಅಂದಿದ್ರು. ನಾನು ದೊಡ್ಡ ಮರಾನೇ ಚಿಕ್ಕದು ಮಾಡಿ ನಿಲ್ಲಿಸಿದ್ದೆ, ಏಳಡಿ ಮರ, ಅದಕ್ಕೊಂದು ಸಣ್ಣ ಕಾಂಡ, ನಿಂಬೆಕಾಯಿ ಗಾತ್ರದ ಕಾಯಿ. ಎರಡು ವರ್ಷದ ಸಸಿಗೆ ಕಾಂಡಾನೇ ಇರಲ್ಲ, ಗರಿಗಳು ನೇರವಾಗಿ ನೆಲದಿಂದ ಎದ್ದು ಬರ್ತವೆ. ಹಂಗಾಗಿ ಕಾಂಡ, ಕಾಯಿ ತೆಗೆದುಹಾಕಿ, ಮಂಡೆಯಿಂದ ಎಂಟು ಗರಿ ಉಳಿಸಿ, ಎಲ್ಲಾ ಮೇಲ್ಮುಖ ಮಾಡಿ, ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಗಾತ್ರಕ್ಕೆ ಇಳಿಸಿ ಮಣ್ಣಿಗೆ ಕೂರಿಸ್ದೆ. ಸುತ್ತ ಒಂದು ಪಾತಿ ಮಾಡ್ದೆ, ನಾಲ್ಕಡಿ ಅಗಲ, ಅರ್ಧ ಅಡಿ ಆಳ, ಒಳಗೆ ಮಣ್ಣು ಸ್ವಲ್ಪ ಕಪ್ಪು, ಒಣ ಗರಿ ಚೂರು. ಗಿಡ ನೆಲಕ್ಕೆ ಅಂಟಿಸಿದಂಗೆ ತೇಲ್ತಾ ಕಾಣೋ ಕಾಯಿಲೆಗೆ ಪಾತಿಗಿಂತ ಒಳ್ಳೇ ಮದ್ದು ನನಗೆ ಸಿಕ್ಕಿಲ್ಲ.

ಬಾಳೆ. ಇದಕ್ಕೆ ತೆಂಗಿನ ನಿಯಮ ತಗೊಂಡು ಹೋದ್ರೆ ಆಗಲ್ಲ, ಇದು ಗುಂಪಿನ ಗಿಡ. ನನ್ನ ಮೊದಲ ಚಿತ್ರದಲ್ಲಿ ಕಾಂಪೌಂಡ್ ಉದ್ದಕ್ಕೂ ಎಂಟು ಬಾಳೆ, ಎಂಟೂ ಒಂದೇ ಎತ್ತರ, ಒಂದೇ ದೂರ, ಮದುವೆ ಮನೆ ಚಪ್ಪರಕ್ಕೆ ಕಟ್ಟಿದಂಗೆ. ಮನೆ ಹತ್ರ ಬಾಳೆ ಎಲ್ಲಿ ಬೆಳೆಯುತ್ತೆ ಅಂತ ಯಾರನ್ನ ಕೇಳಿದ್ರೂ ಹೇಳ್ತಾರೆ, ಬಚ್ಚಲ ನೀರು ಹೋಗೋ ಕಡೆ. ಒಂದೇ ಜಾಗದಲ್ಲಿ ಒಂದು ತಾಯಿ ಗಿಡ, ಅದರ ಬುಡದಿಂದ ಎದ್ದ ಒಂದು ಅರ್ಧ ಬೆಳೆದ ಗಿಡ, ಮತ್ತೆ ಒಂದೆರಡು ಕಂದು. ಮನೆ ಹಿಂದಿನ ಏಲಕ್ಕಿ ಬಾಳೆ ಅಳೆದೆ. ತಾಯಿ ಗಿಡ ಎಲೆ ತುದಿವರೆಗೆ 11 ಅಡಿ, ದಿಂಡು ಬುಡದಲ್ಲಿ 7 ಇಂಚು ದಪ್ಪ, ದೊಡ್ಡ ಎಲೆ ಆರೂವರೆ ಅಡಿ ಉದ್ದ 22 ಇಂಚು ಅಗಲ. ಅರ್ಧ ಬೆಳೆದದ್ದು 6 ಅಡಿ. ಕಂದು ಎರಡೂವರೆ ಅಡಿ, ಅದರ ಎಲೆ ನೋಡಿ, ಕತ್ತಿ ಥರ ಸಪೂರ, ಮೂರು ಬೆರಳು ಅಗಲ ಅಷ್ಟೇ. ತಾಯಿ ಗಿಡವನ್ನ ಕಾಲು ಭಾಗಕ್ಕೆ ಇಳಿಸಿದ್ರೆ ಕಂದು ಆಗಲ್ಲ ಅನ್ನೋದು ಇಲ್ಲೇ ಗೊತ್ತಾಗೋದು, ಅಗಲ ಎಲೆಯ ಕುಂಡದ ಗಿಡ ಆಗುತ್ತೆ. ಇಳಿಸಿದ್ಮೇಲೆ ಒಂದೊಂದು ಎಲೆಯನ್ನೂ ಅಗಲದಲ್ಲಿ ಮಾತ್ರ 0.4ಕ್ಕೆ ಕುಗ್ಗಿಸಿ ಮೇಲಕ್ಕೆ ನಿಲ್ಲಿಸ್ದೆ.

ಬಾಳೆ ನಿಜ ಅನ್ಸೋದು ಎಲೆ ಹರಿದಿರೋದ್ರಿಂದ. ಗಾಳಿಗೆ ಎಲೆ ಅಂಚಿನಿಂದ ನಡುದಂಟಿನವರೆಗೆ ಅಡ್ಡ ನರಗಳ ಉದ್ದಕ್ಕೆ ಸೀಳುತ್ತೆ, ದಂಟು ಹರಿಯಲ್ಲ. ನಮ್ಮ ಗಿಡದಲ್ಲಿ ಮೇಲಿನ ಮೂರು ಎಲೆ ಪೂರ್ತಿ ಇದ್ವು, ತಿಳಿ ಹಸಿರು, ನಡುವೆ ಸುರುಳಿ ಬಿಚ್ಚದ ಸುಳಿ. ಕೆಳಗಿನ ನಾಲ್ಕು ಸೀಳಿದ್ವು, ಎಲ್ಲಕ್ಕಿಂತ ಕೆಳಗಿನ ಎರಡು ಒಣಗಿ ದಿಂಡಿಗೆ ಜೋತು ಬಿದ್ದಿದ್ವು. ಬ್ಲೆಂಡರ್‌ನಲ್ಲಿ ಸೀಳೋದು ಕಷ್ಟ ಇಲ್ಲ. ಎಲೆಗೆ ಅಡ್ಡ ಗೆರೆಗಳು ಕಮ್ಮಿ ಇದ್ರೆ `Subdivide` ಮಾಡ್ಕೊಳ್ಳಿ, ಅಂಚಿನಿಂದ ದಂಟಿನವರೆಗಿನ ಒಂದು ಗೆರೆ ಸೆಲೆಕ್ಟ್ ಮಾಡಿ `Alt+M` ಒತ್ತಿ `Faces by Edges` ಕೊಡಿ. ದಂಟಿನ ಹತ್ರ ಅಂಟ್ಕೊಂಡೇ ಇರುತ್ತೆ, ಅಂಚು ಬಿಟ್ಕೊಳುತ್ತೆ. ಆಮೇಲೆ ಆ ತುಂಡಿನ ಹೊರ ಅಂಚನ್ನ ಸ್ವಲ್ಪ ಕೆಳಕ್ಕೆ ಇಳಿಸಿ, ಪಕ್ಕದ್ದನ್ನ ಇನ್ನೊಂಚೂರು ಕಮ್ಮಿ. ಸೀಳುಗಳ ಮಧ್ಯದ ದೂರ ಒಂದೇ ಇರಬಾರದು, ಒಂದು ಕಡೆ ಎರಡಿಂಚು, ಇನ್ನೊಂದು ಕಡೆ ಒಂದಡಿ. ನಾನು ಒಂದು ಎಲೆಗೆ ಬಾಚಣಿಗೆ ಹಲ್ಲಿನಂಗೆ ಸಮವಾಗಿ ಸೀಳಿಬಿಟ್ಟೆ, ಅದು ತೆಂಗಿನ ಗರಿ ಥರ ಕಂಡು ಮತ್ತೆ ಮಾಡ್ಬೇಕಾಯ್ತು. ಹೀಗೆ ಸೀಳಿದ ಎಲೆ ಮೂರು ಥರ, ಪೂರ್ತಿ ಎಲೆ ಒಂದು, ಒಣಗಿದ್ದು ಒಂದು, ಐದೇ ಐದು ಎಲೆಯಿಂದ ಇಡೀ ಗುಂಪು ಕಟ್ಟಿದೆ.

ಎಲೆಗೆ ಬೆಳಕು ಹಾಯೋ ಗುಣ ಕೊಡ್ಬೇಕು, `Translucent BSDF` ಅನ್ನ ಮೂರನೇ ಒಂದು ಭಾಗದಷ್ಟು ಬೆರೆಸ್ದೆ. ಬೆಳಗಿನ ಬಿಸಿಲು ಹಿಂದಿನಿಂದ ಬಂದಾಗ ಬಾಳೆ ಎಲೆ ಹಳದಿ ಹಸಿರಾಗಿ ಹೊಳೆಯುತ್ತಲ್ಲ, ಅದು ಬಂತು. ತೆಂಗಿಗೆ ಅದರ ಅರ್ಧದಷ್ಟು ಸಾಕು, ಆ ಎಲೆ ಗಟ್ಟಿ.

ಈ ಹಂತದಲ್ಲಿ ದೊಡ್ಡ ರೆಂಡರ್ ಹಾಕಿ ಊಟಕ್ಕೆ ಹೋಗಿ ಬಂದೆ. ನೋಡಿದ್ರೆ ತೆಂಗಿನ ಮಂಡೆ ಒಳಗೆಲ್ಲ ಮಸಿ ಬಳಿದಂಗೆ ಕಪ್ಪು ಮಚ್ಚೆ. ನೆರಳು ಜಾಸ್ತಿ ಆಗಿದೆ ಅಂದ್ಕೊಂಡು ಲೈಟ್ ಜಾಸ್ತಿ ಮಾಡ್ದೆ, ಗೋಡೆ ಬೆಳ್ಳಗಾಯ್ತು, ಮಚ್ಚೆ ಹಂಗೇ ಇತ್ತು. ಒಂದೇ ಒಂದು ಗರಿ ಇಟ್ಟು ರೆಂಡರ್ ಮಾಡಿದ್ರೆ ಮಚ್ಚೆ ಇಲ್ಲ. ಅಲ್ಲಿಗೆ ಅರ್ಥ ಆಯ್ತು. ಗರಿಗಳು ಚಪ್ಪಟೆ ಹಾಳೆ ಮೇಲಿನ ಚಿತ್ರ, ಖಾಲಿ ಜಾಗ ಪಾರದರ್ಶಕ. ಒಂದರ ಹಿಂದೆ ಒಂದು ಹಾಳೆ ದಾಟ್ತಾ ಹೋದಾಗ ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್ ಎಂಟು ಪದರ ಆದ್ಮೇಲೆ ಲೆಕ್ಕ ನಿಲ್ಲಿಸಿ ಕಪ್ಪು ಕೊಡುತ್ತೆ. ಮೂವತ್ತು ಗರಿ ಒಟ್ಟಿಗೆ ಸೇರೋ ಕಡೆ ಎಂಟು ಯಾವ ಲೆಕ್ಕ. `Light Paths` ಒಳಗೆ `Transparent` ಅನ್ನ 8ರಿಂದ 32ಕ್ಕೆ ಏರಿಸ್ದೆ, ಮಚ್ಚೆ ಹೋಯ್ತು, ರೆಂಡರ್ ಸ್ವಲ್ಪ ನಿಧಾನ ಆಯ್ತು. ಒಳಗೆ ನಿಜವಾದ ನೆರಳಿದ್ರೆ ಅದು ಕಡು ಹಸಿರಾಗಿ ಕಾಣುತ್ತೆ, ಬರೀ ಕಪ್ಪಾಗಿ ಅಂಚು ಕತ್ತರಿಸಿದಂಗೆ ಇದ್ರೆ ಇದೇ ಕಾರಣ.

ಮುಂದೆ ಪೊದೆ ಗಿಡಗಳು. ಕಾಂಪೌಂಡ್ ಗೋಡೆ ನಾಲ್ಕೂವರೆ ಅಡಿ, ಅದರ ಒಳಗೆ ಮೂರಡಿ ಅಗಲದ ಮಣ್ಣಿನ ಪಟ್ಟಿ. ಹಿಂದೆ ದಾಸವಾಳ ಐದು, ಮುಂದೆ ಕ್ರೋಟನ್, ಗೇಟ್ ಹತ್ರ ಒಂದು ನಂದಿಬಟ್ಟಲು. ಮೊದಲು ಎಲ್ಲಾನೂ `Distribute Points on Faces` ಹಾಕಿ ಉದುರಿಸಿದ್ದೆ, ಗಾತ್ರಕ್ಕೆ ರ‍್ಯಾಂಡಮ್ 0.5ರಿಂದ 2ವರೆಗೆ. ಆಗ ಒಂದು ದಾಸವಾಳದ ಹೂ ಊಟದ ತಟ್ಟೆಯಷ್ಟು, ಪಕ್ಕದ್ದು ಅಂಗಿ ಗುಂಡಿಯಷ್ಟು. ದಾಸವಾಳದ ಹೂವನ್ನ ದಿನಾ ದೇವರಿಗೆ ಕೀಳೋ ಕೈಗೆ ಅದರ ಅಗಲ ಗೊತ್ತು, ಅಂಗೈಯಷ್ಟು, ನಾಲ್ಕೈದು ಇಂಚು. ಗಿಡ ಮೂರಡಿ ಇರಲಿ ಎಂಟಡಿ ಇರಲಿ ಹೂ ಅಷ್ಟೇ, ಎಲೆ ಅಷ್ಟೇ. ದೊಡ್ಡ ಗಿಡ ಅಂದ್ರೆ ಜಾಸ್ತಿ ಕೊಂಬೆ, ಜಾಸ್ತಿ ಎಲೆ. ಹಂಗಾಗಿ ಗಾತ್ರದ ವ್ಯತ್ಯಾಸ 0.85ರಿಂದ 1.15ರ ಒಳಗೇ ಇಟ್ಟೆ, ದೊಡ್ಡ ಪೊದೆ ಬೇಕಾದ ಕಡೆ ಅದೇ ಗಿಡವನ್ನ ಎರಡು ಮೂರು ಒಟ್ಟಿಗೆ ಬುಡ ಸೇರಿಸಿ ಬೇರೆ ಬೇರೆ ಕಡೆ ತಿರುಗಿಸಿ ಇಟ್ಟೆ. ದಾಸವಾಳ ಆರಡಿ ಆಯ್ತು, ಗೋಡೆ ಮೇಲೆ ಒಂದೂವರೆ ಅಡಿ ಇಣುಕುತ್ತೆ, ಬೀದಿಯಿಂದ ನೋಡೋರಿಗೆ ಹೂ ಕಾಣುತ್ತೆ. ಆ ಐದನ್ನೂ ಕೈಯಾರೆ ಇಟ್ಟೆ, ಉದುರಿಸೋದನ್ನ ನೆಲದ ಹುಲ್ಲಿಗೆ ಒಣ ಎಲೆಗೆ ಮಾತ್ರ ಉಳಿಸ್ಕೊಂಡೆ. ಅಲ್ಲಿಗೆ `Poisson Disk` ಇಟ್ಟು `Distance Min` ಸ್ವಲ್ಪ ಕೊಟ್ರೆ ಒಂದರ ಮೇಲೊಂದು ಬೀಳಲ್ಲ.

ಬೆಳಕು. `Sun Position` ಆಡ್-ಆನ್‌ಗೆ ಮಂಡ್ಯದ ಅಕ್ಷಾಂಶ 12.52, ರೇಖಾಂಶ 76.90, ಟೈಮ್ ಝೋನ್ 5.5 ಕೊಟ್ಟು ಡಿಸೆಂಬರ್ ಮಧ್ಯದ ಬೆಳಿಗ್ಗೆ ಒಂಬತ್ತು ಗಂಟೆಗೆ ಇಟ್ಟೆ. ಆ ತಿಂಗಳಲ್ಲಿ ಸೂರ್ಯ ಆಗ್ನೇಯದಿಂದ ಬರ್ತಾನೆ, ಹಂಗಾಗಿ ನಾಲೆ ಪಕ್ಕದ ಮರದ ನೆರಳು ಮುಂಭಾಗದ ಗೋಡೆ ಮೇಲೆ ಬಿತ್ತು. ಬಿದ್ದಾಗ ಸಂತೋಷ ಆಯ್ತು, ಹತ್ರದಿಂದ ನೋಡಿದ್ರೆ ಬ್ಲೇಡಲ್ಲಿ ಕತ್ತರಿಸಿದಂಗೆ ಚೂಪು. ಹಳೇ ಫೈಲಿಂದ ತಂದ ಸನ್ ಲೈಟ್‌ನ `Angle` ಸೊನ್ನೆ ಇತ್ತು. ಸೂರ್ಯ ಒಂದು ಚುಕ್ಕೆ ಅಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಇದಾನೆ, ಹಂಗಾಗಿ ದೂರದ ವಸ್ತುವಿನ ನೆರಳಿನ ಅಂಚು ಕರಗುತ್ತೆ. 40 ಅಡಿ ದೂರದಿಂದ ಬೀಳೋ ನೆರಳಿಗೆ ಆ ಕರಗು ಸುಮಾರು ನಾಲ್ಕು ಇಂಚು, ಗರಿಯ ಒಂದೊಂದು ಸೀಳೋ ಎರಡಿಂಚು ಅಗಲ ಇಲ್ಲ. ಅಂದ್ರೆ ಗೋಡೆ ಮೇಲೆ ಗರಿ ಆಕಾರ ಕಾಣ್ಬೇಕು, ಸೀಳು ಸೀಳಾಗಿ ಎಣಿಸೋ ಥರ ಇರಬಾರದು. `Angle` 0.526 ಡಿಗ್ರಿ ಮಾಡ್ದೆ, ನೆರಳು ಮೆತ್ತಗಾಯ್ತು, ಮರ ಎಷ್ಟು ಎತ್ತರದಲ್ಲಿದೆ ಅಂತ ನೆರಳಿಂದಾನೇ ತಿಳಿಯೋ ಹಾಗಾಯ್ತು. ದಾಸವಾಳದ ನೆರಳು ಗೋಡೆಗೆ ಹತ್ರ ಇರೋದ್ರಿಂದ ಚೂಪಾಗೇ ಉಳೀತು, ಅದೂ ಸರಿ.

ಕ್ಯಾಮೆರಾ ಒಂದು ಮಾತು. 16 ಎಂಎಂ ಲೆನ್ಸ್ ಇಟ್ಟಿದ್ದೆ, ಅಂಚಿನ ತೆಂಗಿನ ಮಂಡೆ ಪಕ್ಕಕ್ಕೆ ಎಳ್ಕೊಂಡು ಮತ್ತೆ ದೊಡ್ಡದಾಗಿ ಕಂಡು, ಇಷ್ಟೆಲ್ಲಾ ಅಳತೆ ಮಾಡಿದ್ದು ನೀರಲ್ಲಿ ಹೋಮ ಆದಂಗಿತ್ತು. ಬೀದಿ ಆಚೆಗೆ ಹಿಂದಕ್ಕೆ ಹೋಗಿ 28 ಎಂಎಂ ಹಾಕ್ದೆ, ಎತ್ತರ ಐದಡಿ, ಕ್ಯಾಮೆರಾ ಮೇಲಕ್ಕೆ ಎತ್ತದೆ `Shift Y` ಏರಿಸಿ ಮಂಡೆ ಚೌಕಟ್ಟಿನ ಒಳಗೆ ತಂದೆ.

ಭಾನುವಾರ ಹೊಸ ಪ್ರಿಂಟ್ ತಗೊಂಡು ಹೋದೆ. ಹಿಂದಿನ ಎರಡು ಮರದ ಕುತ್ತಿಗೆ ಪ್ಯಾರಪೆಟ್ ಮೇಲೆ ಕಾಣ್ತಿತ್ತು, ಮನೆ 25 ಅಡಿ, ಮರ 36, ಕುತ್ತಿಗೆ ಕೆಳಗಿನ ಒಂಚೂರು ಕಾಂಡ ಬರಿದಾಗಿ ಕಂಡಿದ್ದಕ್ಕೆ ಮನೆ ಅದರ ಅಳತೆಗೆ ಬಂದು ನಿಂತಿತ್ತು. ಚಿಕ್ಕಪ್ಪ ಬಾಗಿಲು, ಗೇಟು ಎಲ್ಲ ಬಿಟ್ಟು ಬೆರಳಿಟ್ಟಿದ್ದು ಬಲಗಡೆ ಮರದ ಮೇಲೆ, "ಈ ಸೋಗೆ ನೋಡು, ಮೊನ್ನೆ ಕೀಳುಸ್ಬೇಕು ಅಂದಿದ್ನಲ್ಲ, ಹಂಗೇ ಐತೆ" ಅಂದ್ರು. ಚಿಕ್ಕಮ್ಮ ಒದ್ದೆ ಕೈ ಸೆರಗಿಗೆ ಒರೆಸ್ಕೊಂಡು ಬಂದು ಬಾಳೆ ಗುಂಪನ್ನ ನೋಡಿದ್ರು. "ಎಲ್ಲಾ ಚೆಂದಾಗೈತೆ ಕಣ್ ಮಗ, ಆದ್ರೆ ಬಾಳೆ ಬುಡದಾಗೇ ಸಂಪು ಬರ್ತದಲ್ವ, ಬೇರು ಗೋಡೆ ಸೀಳಾಕಿಲ್ವ?" ಅಂದ್ರು. ಪ್ಲಾನ್ ತೆಗೆದು ನೋಡಿದ್ರೆ ನಿಜ, ಸಂಪಿನ ಮುಚ್ಚಳ ಗುಂಪಿನ ಕೆಳಗೇ ಇತ್ತು. ಬಚ್ಚಲ ಪೈಪು ಹೊರಗೆ ಬರೋದು ಅಲ್ಲಿಂದ ಎಂಟಡಿ ಹಿಂದೆ. ಜಗಲಿ ಮೇಲೇ ಲ್ಯಾಪ್‌ಟಾಪ್ ತೆಗೆದು ಗುಂಪು ಪೂರ್ತಿ ಸೆಲೆಕ್ಟ್ ಮಾಡಿ ಎಂಟಡಿ ಹಿಂದಕ್ಕೆ ಸರಿಸ್ದೆ. ಈಗ ಮುಂದಿನಿಂದ ನೋಡಿದ್ರೆ ಮನೆ ಮೂಲೆಯಿಂದ ಎರಡು ಸೀಳಿದ ಎಲೆ, ಒಂದು ಸುಳಿ ಮಾತ್ರ ಆಚೆ ಕಾಣ್ತವೆ, ಉಳಿದದ್ದು ಗೋಡೆ ಹಿಂದೆ.